ಯುಗಾದಿ ಶುಭಾಶಯದ ಜೊತೆಗೊಂದು ಕರೆ: ಪುಣೆಯಲ್ಲಿ ನಾವು ಬರೆದದ್ದು ಹೀಗೆ

ಹಬ್ಬದ ಶುಭಾಶಯವನ್ನೂ "ಬನ್ನಿ, ಸೇರೋಣ" ಎಂಬ ಕರೆಯನ್ನೂ ಒಂದೇ ಸಂದೇಶದಲ್ಲಿ ಕಳಿಸಿದರೆ ಏನಾಗುತ್ತದೆ ಗೊತ್ತಲ್ವಾ? ಜನ ಶುಭಾಶಯಕ್ಕೆ ಕೈ ಮುಗಿದು ಮುಂದೆ ಹೋಗುತ್ತಾರೆ. ಕರೆ ಅಲ್ಲೇ ಉಳಿಯುತ್ತದೆ. 2025ರ ಯುಗಾದಿಗೆ ಪುಣೆಯ ವಾಕಡ್ ಸುತ್ತಮುತ್ತಲಿನ ಕನ್ನಡದ ಮನೆಗಳನ್ನು ಒಂದು ಸಂಜೆ ಸೇರಿಸಬೇಕು ಅಂತ ನಾನೂ ನನ್ನ ಗಂಡನೂ ಹೊರಟಾಗ ಹೆಚ್ಚು ತಲೆ ಕೆಡಿಸಿಕೊಂಡದ್ದು ತಿಂಡಿಗಲ್ಲ, ಈ ಸಂದೇಶಕ್ಕೆ.

ಮೊದಲು ದಿನ ಗೊತ್ತು ಮಾಡಬೇಕಿತ್ತು. ಆ ವರ್ಷ ಯುಗಾದಿ ಮಾರ್ಚ್ 30, ಭಾನುವಾರ. ಇಲ್ಲಿ ಅದೇ ದಿನ ಗುಢಿ ಪಾಡ್ವಾ. ಭಾನುವಾರವೇ ಹಬ್ಬ ಬಂದಿದೆ, ಅದೇ ದಿನ ಸೇರೋಣ ಅನ್ನಿಸುವುದು ಸಹಜ. ಆದರೆ ಮರುದಿನ ಸೋಮವಾರ ರಂಜಾನ್ ರಜೆ. ಶನಿವಾರ ಸೇರಿಸಿದರೆ ಮೂರು ದಿನ ಬಿಡುವು. ಹಿಂಜವಡಿಯ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮವರು ಶುಕ್ರವಾರ ರಾತ್ರಿಯೇ ಹುಬ್ಬಳ್ಳಿ, ಬೆಂಗಳೂರು ಬಸ್ಸು ಹತ್ತುತ್ತಾರೆ. ಊರಿಗೆ ಹೋಗದವರು ಮನೆಯಲ್ಲಿ ಹೋಳಿಗೆ ಮಾಡಿಕೊಂಡು ಇರುತ್ತಾರೆ. ಅವತ್ತು ಯಾರನ್ನೂ ಮನೆಯಿಂದ ಹೊರಗೆ ಎಳೆಯುವುದು ಸರಿಯಲ್ಲ.

ಹಾಗಾಗಿ ಒಂದು ವಾರ ಬಿಟ್ಟು ಏಪ್ರಿಲ್ 6, ಭಾನುವಾರ ಅಂತ ಇಟ್ಟೆವು. ಅವತ್ತು ರಾಮನವಮಿ. ಪೂಜೆ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಪಾನಕ ಕೋಸಂಬರಿಗೆ ಒಂದು ನೆಪವೂ ಸಿಕ್ಕಿತು. ಇನ್ನೊಂದು ಅನುಕೂಲವೂ ಇತ್ತು. ನಮ್ಮ ಬಡಾವಣೆಯಲ್ಲಿ ಉಡುಪಿ, ಕಾರ್ಕಳ ಕಡೆಯ ತುಳು ಮನೆಗಳು ಜಾಸ್ತಿ. ಅವರ ಹೊಸ ವರ್ಷ ಸೌರ ಲೆಕ್ಕದ ಬಿಸು. ಅದು ಬರುವುದು ಏಪ್ರಿಲ್ ಮಧ್ಯದಲ್ಲಿ. ಏಪ್ರಿಲ್ 6 ಎರಡು ಹೊಸ ವರ್ಷಗಳ ನಡುವೆ ಬೀಳುತ್ತಿತ್ತು. ಒಬ್ಬರಿಗೆ ಹಬ್ಬ ಮುಗಿದಿದೆ, ಇನ್ನೊಬ್ಬರಿಗೆ ಬರಲಿದೆ. ಬರೀ "ಹೊಸ ವರ್ಷದ ಶುಭಾಶಯ" ಅಂತ ಬರೆದರೆ ಅವರಿಗೆ ಅದು ಬೇರೆಯವರ ಹಬ್ಬದ ಸಂದೇಶ ಆಗುತ್ತದೆ. ಅದಕ್ಕೆ ಬಿಸು ಹೆಸರನ್ನು ಸಂದೇಶದಲ್ಲೇ ಸೇರಿಸಿದೆವು.

ಹೊತ್ತು ಗೊತ್ತು ಮಾಡಿದ್ದು ಹೋಟೆಲಿನವರನ್ನು ನೋಡಿಕೊಂಡು. ಪುಣೆಯಲ್ಲಿ ಕನ್ನಡಿಗರು ಸೇರಬೇಕು ಅಂದರೆ ಹೋಟೆಲಿನ ಜನರನ್ನು ಬಿಡುವ ಹಾಗಿಲ್ಲ, ಆದರೆ ಭಾನುವಾರ ಅವರಿಗೆ ಬಿಡುವಿಲ್ಲ. ಬೆಳಿಗ್ಗೆ ತಿಂಡಿಯ ಗದ್ದಲ, ಆಮೇಲೆ ಊಟ, ಏಳು ಗಂಟೆಯಿಂದ ಮತ್ತೆ ರಶ್ಶು. ನಡುವೆ ಮೂರೂವರೆಯಿಂದ ಆರರ ತನಕ ಸ್ವಲ್ಪ ಉಸಿರಾಡಬಹುದು. ನಮ್ಮ ಕೆಳಗಿನ ಮಹಡಿಯಲ್ಲಿ ಹೋಟೆಲ್ ನಡೆಸುವವರೊಬ್ಬರಿದ್ದಾರೆ. ಅವರನ್ನು ಕೇಳಿದಾಗ, "ಅಕ್ಕಾ, ಸಂಜೆ ಏಳಕ್ಕೆ ಕರೆದರೆ ನೀವು ನಮ್ಮನ್ನು ಬರಬೇಡಿ ಅಂತ ಹೇಳಿದ ಹಾಗೆ" ಅಂದರು. ಸಂಜೆ ಏಳರ ಮಾತು ಅಲ್ಲಿಗೇ ಬಿಟ್ಟೆವು.

ಇಷ್ಟಾದ ಮೇಲೆ ಬರೆದ ಸಂದೇಶ ಇದು:

"ಪುಣೆಯ ಕನ್ನಡದ ಮನೆಗಳಿಗೆ ವಿಶ್ವಾವಸು ಸಂವತ್ಸರದ ಯುಗಾದಿ ಶುಭಾಶಯಗಳು. ಬಿಸು ಆಚರಿಸುವವರಿಗೆ ಮುಂಚಿತವಾಗಿ ಶುಭಾಶಯಗಳು. ನಾವು ದಾವಣಗೆರೆಯವರು, ಈಗ ವಾಕಡ್‌ನಲ್ಲಿ ಇದ್ದೇವೆ. ಊರಿಗೆ ಹೋಗಿ ಬಂದವರೂ ಇಲ್ಲೇ ಹಬ್ಬ ಮಾಡಿದವರೂ ಒಂದು ಸಂಜೆ ಸೇರೋಣ ಬನ್ನಿ.

2025 ಏಪ್ರಿಲ್ 6, ಭಾನುವಾರ. ಮಧ್ಯಾಹ್ನ 3.30ರಿಂದ 6.30. ವಾಕಡ್, ನಮ್ಮ ಸೊಸೈಟಿಯ ಕ್ಲಬ್‌ಹೌಸ್.

ಬೇವು-ಬೆಲ್ಲ, ಪಾನಕ, ಕೋಸಂಬರಿ, ಕಾಫಿ ಇರುತ್ತದೆ. ಊಟ ಇರುವುದಿಲ್ಲ. ದುಡ್ಡು ಕೊಡಬೇಕಿಲ್ಲ, ಭಾಷಣ ಇಲ್ಲ. ಮನೆಯಲ್ಲಿ ಕನ್ನಡ ಬಾರದವರಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ.

ದೊಡ್ಡವರೆಷ್ಟು, ಮಕ್ಕಳೆಷ್ಟು? ಏಪ್ರಿಲ್ 3, ಗುರುವಾರ ರಾತ್ರಿಯೊಳಗೆ ತಿಳಿಸಿ. ಸೊಸೈಟಿಯ ಹೆಸರು, ಗೇಟಿನ ವಿವರ ಆಗ ಕಳಿಸುತ್ತೇವೆ."

ಶುಭಾಶಯ ಎರಡೇ ಸಾಲು. ಬೇವು ಬೆಲ್ಲದ ಹಾಗೆ ಸಿಹಿ ಕಹಿ ಎಂಬ ಮಾತು ಬೇಕೆಂದೇ ಬಿಟ್ಟೆ. ಹಬ್ಬದ ವಾರ ಆ ಮಾತು ಎಲ್ಲರ ಫೋನಿಗೂ ಹತ್ತಾರು ಸಲ ಬಂದಿರುತ್ತದೆ. ಅದು ಕಂಡ ತಕ್ಷಣ ಕಣ್ಣು ಮುಂದಿನ ಸಂದೇಶಕ್ಕೆ ಓಡುತ್ತದೆ. "ಪುಣೆಯ" ಎಂಬ ಪದ ಮೊದಲಿಗೇ ಇರಲಿ ಅಂದದ್ದು ನನ್ನ ಗಂಡ. ಈ ಸಂದೇಶಗಳು ಎಲ್ಲೆಲ್ಲೋ ಹೋಗುತ್ತವೆ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಕೂತವರಿಗೆ ಇದು ತಮ್ಮ ಊರಿನದಲ್ಲ ಅಂತ ಮೊದಲ ಸಾಲಿಗೇ ತಿಳಿಯಬೇಕು.

ಇಸವಿ ಹಾಕಿದ್ದಕ್ಕೂ ಕಾರಣ ಇದೆ. ಯುಗಾದಿ ಸಂದೇಶ ಮರುವರ್ಷ ಮತ್ತೆ ಎದ್ದು ಬರುತ್ತದೆ. ಇಸವಿಯೂ ವಾರವೂ ಇಲ್ಲದಿದ್ದರೆ ಮುಂದಿನ ಏಪ್ರಿಲ್ 6ಕ್ಕೆ ಯಾರಾದರೂ ನಮ್ಮ ಗೇಟಿಗೆ ಬಂದು ನಿಂತರೂ ನಿಂತರೇ. ಸಂವತ್ಸರದ ಹೆಸರು ನೋಡಿ ವರ್ಷ ಹೇಳುವವರು ನಮ್ಮ ಅತ್ತೆಯಂಥ ಕೆಲವರು ಮಾತ್ರ.

"ಊಟ ಇರುವುದಿಲ್ಲ" ಎಂಬ ಸಾಲು ಒರಟಾಯ್ತು ಅಂತ ಕೆಲವರು ಹೇಳಿದರು. ನಾನು ತೆಗೆಯಲಿಲ್ಲ. ಹಬ್ಬದ ಹೆಸರಲ್ಲಿ ಕರೆದರೆ ಹೋಳಿಗೆ ಊಟ ಅಂತಲೇ ಜನ ಅಂದುಕೊಳ್ಳುತ್ತಾರೆ. ಇನ್ನು ಕೆಲವರು ಖಾಲಿ ಕೈಯಲ್ಲಿ ಹೋಗುವುದು ಹೇಗೆ ಅಂತ ಡಬ್ಬಿಗಟ್ಟಲೆ ತರುತ್ತಾರೆ. ಯಾರು ಏನು ತಿನ್ನುತ್ತಾರೆ, ಯಾವುದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇದೆ ಅಂತ ಆಮೇಲೆ ಕೂತು ವಿಂಗಡಿಸಬೇಕು. ಇರುವುದು ಇಷ್ಟೇ ಅಂತ ಬರೆದುಬಿಟ್ಟರೆ ಕರೆದವರಿಗೂ ಬಂದವರಿಗೂ ಹಗುರ. "ಭಾಷಣ ಇಲ್ಲ" ಅನ್ನುವುದಕ್ಕೂ ಬೆಲೆ ಇತ್ತು. ಎರಂಡವಣೆ ಕಡೆ ಪುಣೆ ಕನ್ನಡ ಸಂಘದ ದೊಡ್ಡ ಕಾರ್ಯಕ್ರಮಗಳು ಆಗುತ್ತವೆ. ಅಲ್ಲಿಗೆ ಹೋಗುವವರು ಹೋಗುತ್ತಾರೆ. ನಮ್ಮದು ಅಂಥದ್ದಲ್ಲ, ಸುಮ್ನೆ ಕೂತು ಮಾತಾಡುವುದು ಅಂತ ಗೊತ್ತಾಗಬೇಕಿತ್ತು.

ವಿಳಾಸ ಪೂರ್ತಿ ಕೊಡದೆ ಇದ್ದದ್ದನ್ನೂ ಕೆಲವರು ಪ್ರಶ್ನಿಸಿದರು. ಊರೆಲ್ಲ ಸುತ್ತುವ ಬರಹದಲ್ಲಿ ಫ್ಲ್ಯಾಟ್ ನಂಬರು ಹಾಕಿ, "ಈ ದಿನ ಈ ಹೊತ್ತಿಗೆ ನಾವೆಲ್ಲ ಕ್ಲಬ್‌ಹೌಸಿನಲ್ಲಿ ಇರುತ್ತೇವೆ" ಅಂತ ಬರೆಯುವುದು ಜಾಣತನವಲ್ಲ. ಮೇಲಾಗಿ ಸೊಸೈಟಿಯ ಗೇಟಿನಲ್ಲಿ ಬರುವವರ ಹೆಸರು ಮೊದಲೇ ಕೊಡಬೇಕಿತ್ತು. ವಿಳಾಸ ಬೇಕಾದವರು ಉತ್ತರ ಕೊಡಲೇಬೇಕು. ಉತ್ತರ ಬಂದರೆ ಹೆಸರೂ ಲೆಕ್ಕವೂ ಸಿಕ್ಕ ಹಾಗೆ.

ಬರೆದದ್ದನ್ನು ಚಿತ್ರದ ಮೇಲೆ ಹಾಕುವುದೋ ಬೇಡವೋ ಅಂತ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಮಗಳು ಮಾವಿನ ತೋರಣದ ಚೆಂದದ ಚಿತ್ರ ಮಾಡಿದ್ದಳು. ಅದರಲ್ಲಿ ಶುಭಾಶಯ ಮಾತ್ರ ಇಟ್ಟೆವು. ದಿನ, ಹೊತ್ತು, ಜಾಗ ಎಲ್ಲವನ್ನೂ ಬೇರೆ ಬರಹದ ಸಂದೇಶವಾಗಿ ಕಳಿಸಿದೆವು. ಚಿತ್ರದ ಕೆಳಗೆ ಬರೆದರೆ ಮುಂದೆ ಕಳಿಸುವವರು ಎಷ್ಟೋ ಸಲ ಚಿತ್ರ ಉಳಿಸಿಕೊಂಡು ಬರಹ ಬಿಡುತ್ತಾರೆ. ಸ್ಟೇಟಸ್‌ಗೆ ಹಾಕುವವರಂತೂ ಚಿತ್ರ ಮಾತ್ರ ಹಾಕುತ್ತಾರೆ. ಚಿತ್ರದ ಒಳಗೇ ಬರೆದರೆ ಅದನ್ನು ಕಾಪಿ ಮಾಡಲು ಆಗುವುದಿಲ್ಲ, ಆಮೇಲೆ ಹುಡುಕಿದರೆ ಸಿಗುವುದೂ ಇಲ್ಲ. ಕನ್ನಡಕ್ಕೆ ಇನ್ನೊಂದು ತೊಂದರೆ ಇದೆ. ಚಿತ್ರ ಮಾಡುವ ಕೆಲವು ಸಾಫ್ಟ್‌ವೇರುಗಳಲ್ಲಿ ಕನ್ನಡ ಅಂಟಿಸಿದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಿದ್ದಿರುತ್ತದೆ. "ವಿಶ್ವಾವಸು" ಎಂಬ ಪದದಲ್ಲೇ ಅದು ಗೊತ್ತಾಗುತ್ತದೆ. ಶ ಕೆಳಗೆ ವ ಒತ್ತು ಸರಿಯಾಗಿ ಕೂತಿದ್ದರೆ ಉಳಿದದ್ದೂ ಸಾಮಾನ್ಯವಾಗಿ ಸರಿ ಇರುತ್ತದೆ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ, ಮರಾಠಿ ಸೊಸೆಯಂದಿರಿಗೆ ಕನ್ನಡ ಅಕ್ಷರ ಬಾರದು. ಅವರಿಗಾಗಿ ದಿನ, ಹೊತ್ತು, ಜಾಗವನ್ನು ಕೊನೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಇನ್ನೊಂದು ಸಲ ಬರೆದೆವು.

ಕಳಿಸುವ ದಿನದ ಬಗ್ಗೆ ಅತ್ತೆಯದೇ ಕೊನೆಯ ಮಾತು. ಹಬ್ಬದ ಬೆಳಿಗ್ಗೆ ಕಳಿಸಿದರೆ ಶುಭಾಶಯಗಳ ರಾಶಿಯಲ್ಲಿ ಮುಳುಗುತ್ತದೆ, ಹಿಂದಿನ ದಿನ ಶನಿವಾರ ಕಳಿಸೋಣ ಅಂದಿದ್ದೆ. "ಅಲ್ಲಮ್ಮಾ, ಅಮಾವಾಸ್ಯೆ ದಿನ ಯಾರಾದ್ರೂ ಹಬ್ಬಕ್ಕೆ ಕರೀತಾರಾ?" ಅಂದರು. ಹೌದಲ್ಲ, ಯುಗಾದಿಯ ಹಿಂದಿನ ದಿನ ಅಮಾವಾಸ್ಯೆ! ನಮಗೆ ಅದು ದೊಡ್ಡದಲ್ಲದಿರಬಹುದು, ಓದುವವರ ಮನೆಯಲ್ಲೂ ಒಬ್ಬ ಅತ್ತೆ ಇರುತ್ತಾರೆ. ಶುಕ್ರವಾರ ಸಂಜೆ ಕಳಿಸಿದೆವು. ಅದೇ ಒಳ್ಳೆಯದಾಯಿತು. ಬಸ್ಸಿಗೆ ಕಾಯುತ್ತಾ ಕೂತವರು ಫೋನ್ ನೋಡುತ್ತಾರಲ್ಲ, ಉತ್ತರಗಳು ಜಾಸ್ತಿ ಬಂದದ್ದು ಅವತ್ತು ರಾತ್ರಿಯೇ. ಹಬ್ಬದ ದಿನ ಮಗಳ ಚಿತ್ರ ಮಾತ್ರ ಹೋಯಿತು, ಕರೆ ಇಲ್ಲದೆ. ಎಲ್ಲರೂ ಊರಿಂದ ಬಂದು ಕೆಲಸಕ್ಕೆ ಕೂತ ಮೇಲೆ ಬುಧವಾರ ಒಂದು ಸಣ್ಣ ನೆನಪೋಲೆ ಕಳಿಸಿದೆವು. ಅದರಲ್ಲಿ ಶುಭಾಶಯವೇ ಇರಲಿಲ್ಲ.

ಉತ್ತರಗಳನ್ನು ಓದುವುದೂ ಒಂದು ಕೆಲಸ. ಬರೀ ಕೈ ಮುಗಿದ ಚಿತ್ರ, "ನಿಮಗೂ ಶುಭಾಶಯ" ಅಂತ ಬಂದರೆ ಅವರು ಕೆಳಗಿನ ಭಾಗ ಓದಿಲ್ಲ ಅಂತಲೇ ಅರ್ಥ. ಅಂಥವರಿಗೆ ಒಬ್ಬೊಬ್ಬರಿಗೇ "6ಕ್ಕೆ ನಿಮ್ಮ ಮನೆಯಿಂದ ಎಷ್ಟು ಜನ?" ಅಂತ ಒಂದೇ ಸಾಲು ಬರೆದೆ. "ಏನು 6ಕ್ಕೆ?" ಅಂತ ಕೇಳಿದವರೇ ಹೆಚ್ಚು. "ನೋಡ್ತೀವಿ, ಪ್ರಯತ್ನ ಮಾಡ್ತೀವಿ" ಅಂದವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಪಾನಕ ಆದ್ದರಿಂದ ನಡೆಯಿತು. ಜನ ಹೆಚ್ಚಾದರೆ ಬೆಲ್ಲ ಕರಗಿಸಿ, ನಿಂಬೆ ಹಿಂಡಿ ಇನ್ನೊಂದು ಪಾತ್ರೆ ಮಾಡಬಹುದು. ಕೋಸಂಬರಿಗೆ ಹೆಸರುಬೇಳೆ ಮುಂಚೆ ನೆನೆಸಬೇಕು, ಅದಕ್ಕೆ ಮಾತ್ರ ಸರಿಯಾದ ಲೆಕ್ಕ ಬೇಕಿತ್ತು.

ಸಂದೇಶದಲ್ಲಿ ಬೇವು-ಬೆಲ್ಲ ಅಂತ ಬರೆದ ಮೇಲೆ ಬೇವಿನ ಹೂವು ಇರಲೇಬೇಕಲ್ಲ. ಪುಣೆಯ ಮಂಡಈ ಮಾರುಕಟ್ಟೆಯಲ್ಲಿ ಪಾಡ್ವಾ ಮುಂಚೆ ಗುಢಿಗೆ ಕಟ್ಟುವ ಬೇವಿನ ಸೊಪ್ಪು ರಾಶಿ ರಾಶಿ ಬರುತ್ತದೆ. ಹಬ್ಬ ಮುಗಿದ ಮೇಲೆ ಆ ರಾಶಿ ಕಾಣುವುದಿಲ್ಲ. ಹಬ್ಬಕ್ಕೆ ತಂದದ್ದರಲ್ಲೇ ಹೂವು ಬಿಡಿಸಿ ನೆರಳಿನಲ್ಲಿ ಒಣಗಿಸಿ ಡಬ್ಬಿಗೆ ಹಾಕಿಟ್ಟೆವು. ಆದರೆ ಬೇವು-ಬೆಲ್ಲ ಅಂದರೆ ಎಲ್ಲರ ಮನಸ್ಸಿನಲ್ಲಿ ಒಂದೇ ಇಲ್ಲ. ಮೈಸೂರು ಕಡೆಯವರು ಬೆಲ್ಲದ ಪುಡಿಗೆ ಹೂವು ಬೆರೆಸಿ ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಾರೆ. ವಿಜಯಪುರ, ಕಲಬುರಗಿಯವರು ಹುಣಸೆ, ಬೆಲ್ಲ, ಪುಟಾಣಿ ಹಾಕಿ ನೀರಾಗಿ ಮಾಡಿ ಲೋಟದಲ್ಲಿ ಕುಡಿಯುತ್ತಾರೆ. ಅವತ್ತು ನಾವು ಒಣ ಬೇವು-ಬೆಲ್ಲ ಇಟ್ಟಿದ್ದೆವು. "ಇದ್ಯಾವ ಬೇವ್ರೀ, ಕುಡಿಯೋದೆಲ್ಲಿ?" ಅಂತ ವಿಜಯಪುರ ಜಿಲ್ಲೆಯ ಇಂಡಿ ಊರಿನ ಒಬ್ಬ ಹಿರಿಯರು ಕೇಳಿದರು. ಅವರ ಸೊಸೆಯೇ ಪಾನಕದ ಪಾತ್ರೆ ಪಕ್ಕ ನಿಂತು ಹುಣಸೆ ಕಿವುಚಿ ಒಂದು ಜಗ್ ಮಾಡಿಕೊಟ್ಟಳು. ಈಗ ಸಂದೇಶದಲ್ಲಿ "ಒಣ ಬೇವು-ಬೆಲ್ಲವೂ ಕುಡಿಯುವ ಬೇವೂ" ಅಂತ ಎರಡನ್ನೂ ಬರೆಯುತ್ತೇವೆ.

ಅವತ್ತೇ ಎಲ್ಲರನ್ನೂ ಒಂದು ಗುಂಪಿಗೆ ಸೇರಿಸಿಬಿಡಿ ಅಂತ ಹಲವರು ಹೇಳಿದರು. ಕೇಳದೆ ಸೇರಿಸಿದರೆ ಅರ್ಧ ಜನ ಬಾಯಿ ಮುಚ್ಚಿಕೊಂಡು ಕೂರುತ್ತಾರೆ, ಉಳಿದವರು ದಿನಾ ಬೆಳಿಗ್ಗೆ ಹೂವಿನ ಚಿತ್ರ ಹಾಕುತ್ತಾರೆ. ಬಾಗಿಲ ಬಳಿ ಒಂದು ನೋಟ್‌ಬುಕ್ ಇಟ್ಟೆವು. ಮುಂದಿನ ಸಲ ಕರೆಯಿರಿ ಅನ್ನುವವರು ಹೆಸರು, ನಂಬರು, ಯಾವ ಹೊತ್ತು ಬಿಡುವು ಅಂತ ತಾವೇ ಬರೆದು ಹೋದರು. ದೀಪಾವಳಿಯ ಸಂದೇಶ ಹೋದದ್ದು ಆ ನೋಟ್‌ಬುಕ್ಕಿನಲ್ಲಿದ್ದವರಿಗೆ ಮಾತ್ರ.