ಕಪ್ಪು ಪಟ್ಟಿ ಹೋಗಲಿ, ಚಿತ್ರದ ಒಂದು ಸಾಲೂ ಹೋಗಬಾರದು

ಸಿನಿಮಾದಿಂದ ಹಿಡಿದ ಫ್ರೇಮಿನ ಮೇಲಿನ ಮತ್ತು ಕೆಳಗಿನ ಕಪ್ಪು ಪಟ್ಟಿಗಳನ್ನು ನಾನು ಕಣ್ಣಳತೆಯಲ್ಲಿ ಕತ್ತರಿಸುವುದಿಲ್ಲ. ಹಾಗೆಂದು ಸಾಫ್ಟ್‌ವೇರ್ ಕೊಟ್ಟ ಅಂಕಿಯನ್ನೂ ನೇರವಾಗಿ ಒಪ್ಪಿಕೊಳ್ಳುವುದಿಲ್ಲ. ನಾನು ಬಳಸುವುದು ffmpeg ಎಂಬ ವಿಡಿಯೋ ಸಾಫ್ಟ್‌ವೇರ್ ಮತ್ತು ಪಟ್ಟಿಯ ಅಂಚನ್ನು ಹುಡುಕುವ ಅದರ cropdetect ಫಿಲ್ಟರ್. ಅದರ ಮೂಲ ಸೆಟ್ಟಿಂಗ್‌ನಲ್ಲೇ ಚಿತ್ರವನ್ನು ಕೊರೆಯುವ ಒಂದು ಗುಣ ಇದೆ.

1920×1080 ಅಳತೆಯ ವಿಡಿಯೋ ಒಂದನ್ನು ತೆಗೆದುಕೊಳ್ಳೋಣ. ಒಳಗಿನ ಚಿತ್ರ ಸುಮಾರು 2.39:1 ಅನುಪಾತದ್ದು, ಎತ್ತರ 804 ಸಾಲು. ಸಾಲುಗಳನ್ನು ಸೊನ್ನೆಯಿಂದ ಎಣಿಸಿದರೆ ಚಿತ್ರ 138ರಲ್ಲಿ ಶುರುವಾಗಿ 941ಕ್ಕೆ ಮುಗಿಯುತ್ತದೆ. ಮೇಲೂ ಕೆಳಗೂ 138 ಸಾಲಿನ ಪಟ್ಟಿ. ಇದಕ್ಕೆ cropdetect ಅನ್ನು ಹಾಗೇ ಓಡಿಸಿದರೆ ಬರುವ ಉತ್ತರ crop=1920:800:0:140. ಅಂಕಿಗಳು ಕ್ರಮವಾಗಿ ಉಳಿಯುವ ಚಿತ್ರದ ಅಗಲ, ಎತ್ತರ, ಎಡ ಅಂಚು, ಮೇಲಿನ ಅಂಚು. ಅಂದರೆ ಮೇಲೆ ಎರಡು, ಕೆಳಗೆ ಎರಡು ಸಾಲು ಚಿತ್ರವೇ ಹೋಯಿತು. ಕಾರಣ, round ಎಂಬ ಆಯ್ಕೆ ಮೊದಲೇ 16ಕ್ಕೆ ಇರುತ್ತದೆ. ಉದ್ದ ಅಗಲ 16ರಿಂದ ಭಾಗವಾಗಲಿ ಎಂದು ಅದು ಯಾವಾಗಲೂ ಒಳಗಡೆಗೇ ಸರಿಯುತ್ತದೆ, ಹೊರಗಡೆಗೆ ಎಂದೂ ಇಲ್ಲ. ಈ ಲೆಕ್ಕಾಚಾರ ವಿಡಿಯೋ ಎನ್‌ಕೋಡ್ ಮಾಡುವವರ ಅನುಕೂಲಕ್ಕೆ. ಒಂದೇ ಸ್ಥಿರಚಿತ್ರಕ್ಕೆ ಅದರ ಅಗತ್ಯವೇ ಇಲ್ಲ. ಆದ್ದರಿಂದ:

```
ffmpeg -ss 00:41:00 -i film.mp4 -t 30 -vf cropdetect=limit=24:round=2:reset=0 -f null -
```

ಈಗ 1920:804:0:138 ಸಿಗುತ್ತದೆ. ಆದರೂ ಕೊನೆಯ crop ಅಂಕಿಗಿಂತ ಅದೇ ಸಾಲಿನಲ್ಲಿ ಮುಂಚೆ ಬರುವ y1 ಮತ್ತು y2 ಅನ್ನು, ಅಂದರೆ ಚಿತ್ರದ ಮೊದಲ ಮತ್ತು ಕೊನೆಯ ಸಾಲಿನ ಸಂಖ್ಯೆಯನ್ನು ನಂಬಬೇಕು. ಚಿತ್ರ 139ನೇ ಸಾಲಿನಂಥ ಬೆಸಸಂಖ್ಯೆಯಲ್ಲಿ ಶುರುವಾದರೆ ಫಿಲ್ಟರ್ 140ಕ್ಕೆ ಜಿಗಿದು ಒಂದು ಸಾಲು ತಿನ್ನುತ್ತದೆ. y1, y2 ಮಾತ್ರ ಕಂಡದ್ದನ್ನು ಕಂಡ ಹಾಗೆ ಹೇಳುತ್ತವೆ.

ಒಂದೇ ಫ್ರೇಮ್ ನೋಡಿ ನಿರ್ಧರಿಸುವುದು ಅಪಾಯ ಎಂದೇ ಮೂವತ್ತು ಸೆಕೆಂಡು ಓಡಿಸುವುದು. ರಾತ್ರಿಯ ದೃಶ್ಯದಲ್ಲಿ ಆಕಾಶವೂ ಪಟ್ಟಿಯೂ ಒಂದೇ ಕಪ್ಪು. Limit 24 ಎಂದರೆ ಹೊಳಪು ಅದಕ್ಕಿಂತ ಕಡಿಮೆ ಇದ್ದದ್ದೆಲ್ಲ ಪಟ್ಟಿಯ ಲೆಕ್ಕಕ್ಕೆ ಸೇರುತ್ತದೆ. ವಿಡಿಯೋದಲ್ಲಿ ಶುದ್ಧ ಕಪ್ಪು ಸಾಮಾನ್ಯವಾಗಿ 16, ಹಾಗಾಗಿ ನಡುವಿನ ಅಂತರ ತೀರಾ ಸಣ್ಣದು. reset=0 ಇದ್ದಾಗ ಫಿಲ್ಟರ್ ಅಲ್ಲಿಯವರೆಗೆ ಕಂಡ ಅತಿ ದೊಡ್ಡ ಚಿತ್ರವನ್ನೇ ಉಳಿಸಿಕೊಳ್ಳುತ್ತದೆ, ಒಂದು ಬೆಳಕಿನ ಶಾಟ್ ಬಂದರೂ ನಿಜವಾದ ಅಂಚು ತಿಳಿಯುತ್ತದೆ. ಹಿಡಿಯಬೇಕಾದ ಫ್ರೇಮಿನ ಆಸುಪಾಸಿನಲ್ಲೇ ಓಡಿಸಿ, ಏಕೆಂದರೆ ಕೆಲವು ಸಿನಿಮಾಗಳಲ್ಲಿ ಅನುಪಾತ ನಡುವೆ ಬದಲಾಗುತ್ತದೆ. ಆಸುಪಾಸೆಲ್ಲ ಕತ್ತಲಾದರೆ ಅದೇ ಅನುಪಾತದ ಬೇರೆ ಹಗಲು ದೃಶ್ಯದಿಂದ ಅಳತೆ ತೆಗೆದುಕೊಳ್ಳಬಹುದು.

ಇದಕ್ಕೆ ವಿರುದ್ಧವಾದ ತೊಂದರೆ ಸಬ್‌ಟೈಟಲ್. ಅಕ್ಷರಗಳು ಕೆಳಗಿನ ಪಟ್ಟಿಯೊಳಗೇ ಅಚ್ಚಾಗಿದ್ದರೆ ಅವೂ ಚಿತ್ರವೆಂದೇ ಎಣಿಕೆಯಾಗಿ y2 ಒಂದು ಸಾವಿರ ದಾಟಬಹುದು. ಮೇಲೆ 138 ಇದ್ದು ಕೆಳಗೆ 70 ಮಾತ್ರ ಬಂದರೆ ಮೊದಲ ಅನುಮಾನ ಇದರ ಮೇಲೇ. ಮಾತಿಲ್ಲದ ಭಾಗದಲ್ಲಿ ಮತ್ತೆ ಓಡಿಸಿದರೆ ಸರಿಯಾಗುತ್ತದೆ.

ಅಂಚಿನ ಸಾಲು ಪೂರ್ತಿ ಚಿತ್ರವೂ ಅಲ್ಲದೆ ಪೂರ್ತಿ ಕಪ್ಪೂ ಅಲ್ಲದೆ ಇರುವುದುಂಟು. ವಿಡಿಯೋವನ್ನು ಯಾರೋ ಹಿಗ್ಗಿಸಿ ಕುಗ್ಗಿಸಿದಾಗ ಚಿತ್ರವೂ ಪಟ್ಟಿಯೂ ಆ ಸಾಲಿನಲ್ಲಿ ಬೆರೆತಿರುತ್ತವೆ. ಗುರುತಿಸುವುದು ಹೀಗೆ: ಬೇರೆ ಬೇರೆ ಫ್ರೇಮುಗಳಲ್ಲಿ 138 ಮತ್ತು 139ನೇ ಸಾಲುಗಳನ್ನು ಹಿಗ್ಗಿಸಿ ನೋಡಿ. ದೃಶ್ಯ ಏನೇ ಇದ್ದರೂ 138 ಪ್ರತಿ ಸಲ 139ರ ಮಂಕಾದ ನಕಲಿನಂತೆ ಕಂಡರೆ ಅದು ಬೆರಕೆ ಸಾಲು. ಕಾಪಿಡುವ ಪ್ರತಿಯಲ್ಲಿ ನಾನು ಅದನ್ನು ಹಾಗೇ ಉಳಿಸಿಕೊಳ್ಳುತ್ತೇನೆ. ಬಿಳಿ ಹಿನ್ನೆಲೆಯ ಪುಟಕ್ಕೆ ಹೋಗುವುದಾದರೆ ಮಾತ್ರ ತೆಗೆಯುತ್ತೇನೆ, ಅಲ್ಲಿ ಅದು ಕೊಳಕು ಗೆರೆಯಾಗಿ ಕಾಣುತ್ತದೆ.

ಕತ್ತರಿಸುವಾಗ ಮೊದಲು ಆರ್‌ಜಿಬಿಗೆ ತಿರುಗಿಸುವುದು ಮುಖ್ಯ. ಸಾಮಾನ್ಯ ವಿಡಿಯೋದಲ್ಲಿ ಬಣ್ಣದ ಮಾಹಿತಿ ಎರಡು ಸಾಲಿಗೆ ಒಂದರಂತೆ ಇರುವುದರಿಂದ ಬೆಸಸಂಖ್ಯೆಯ ಸಾಲಿನಲ್ಲಿ ಕತ್ತರಿಸಲು crop ಒಪ್ಪದೆ ಸಮಸಂಖ್ಯೆಗೆ ಸರಿಸಿಬಿಡುತ್ತದೆ. ಆರ್‌ಜಿಬಿಯಲ್ಲಿ ಆ ಕಟ್ಟು ಇಲ್ಲ.

```
ffmpeg -ss 00:41:07.5 -i film.mp4 -frames:v 1 -vf format=rgb24,crop=1920:804:0:138 frame.png
```

ಉಳಿಸಿಕೊಂಡ ಚಿತ್ರವನ್ನು ನೋಡಿದರೆ ಏನು ಹೋಯಿತೆಂದು ತಿಳಿಯದು. ಎಸೆದ ಭಾಗವನ್ನೇ ನೋಡಬೇಕು. ಮೇಲಿನ ಪಟ್ಟಿಗೆ crop=1920:138:0:0, ಕೆಳಗಿನದಕ್ಕೆ crop=1920:138:0:942 ಕೊಟ್ಟು ಎರಡನ್ನೂ ಬೇರೆ ಫೈಲಾಗಿ ಉಳಿಸಿ, ಚಿತ್ರ ತಿದ್ದುವ ಯಾವುದೇ ಸಾಫ್ಟ್‌ವೇರ್‌ನಲ್ಲಿ ಹೊಳಪನ್ನು ವಿಪರೀತ ಏರಿಸಿ. ನಿಜವಾದ ಪಟ್ಟಿ ಸಪಾಟಾದ ಒಂದೇ ಬಣ್ಣಕ್ಕೆ ತಿರುಗುತ್ತದೆ. ಚಿತ್ರದ ಕತ್ತಲಲ್ಲಾದರೆ ಸಾಮಾನ್ಯವಾಗಿ ಗ್ರೇನ್ ಇರುತ್ತದೆ, ಹೊಳಪೇರಿದಾಗ ಅದು ಮರಳಿನಂತೆ ಎದ್ದು ಕಾಣುತ್ತದೆ. ಎಸೆದ ಪಟ್ಟಿಯ ಒಳ ಅಂಚಿನಲ್ಲಿ ಅಂಥ ಕಣಗಳ ಸಾಲು ಕಂಡರೆ, ಅಷ್ಟು ಸಾಲನ್ನು ವಾಪಸು ಸೇರಿಸಿ ಮತ್ತೆ ಕತ್ತರಿಸಬೇಕು.

ಮೂಲ ವಿಡಿಯೋ ಇಲ್ಲದೆ ಜೆಪೆಗ್ ಚಿತ್ರವಷ್ಟೇ ಸಿಕ್ಕಿದ್ದರೆ ಈ ಪರೀಕ್ಷೆ ಅಷ್ಟು ಖಚಿತವಲ್ಲ. ಜೆಪೆಗ್ 8×8 ಚೌಕಗಳಲ್ಲಿ ಕೆಲಸ ಮಾಡುತ್ತದೆ. ನಮ್ಮ ಅಂಚು 136ರಿಂದ 143ರ ಚೌಕದೊಳಗೆ ಬೀಳುವುದರಿಂದ, ಪಟ್ಟಿಗೆ ಸೇರಿದ 136 ಮತ್ತು 137ನೇ ಸಾಲುಗಳಲ್ಲೂ ಚಿತ್ರದ ಕಲೆ ಹರಡಿರುತ್ತದೆ. ಹಾಗಾಗಿ ಅಲ್ಲಿ ಎರಡು ಸಾಲಿನಷ್ಟು ಕೊಳೆ ಕಂಡಾಗ ಅದನ್ನು ಚಿತ್ರವೆಂದು ಎಣಿಸದೆ, ಅನುಪಾತದ ಲೆಕ್ಕವನ್ನೂ ಮೇಲೆ ಕೆಳಗಿನ ಸಮತೆಯನ್ನೂ ನೋಡಿ ಅಂಚನ್ನು ಗೊತ್ತುಮಾಡುತ್ತೇನೆ.