ಬೀಜ, ಗೊಬ್ಬರದ ಬಿಲ್ಲಿಗೆ ಕನ್ನಡ ತಂದ ಬಗೆ

ಹಾವೇರಿ ಭಾಗದ ಬೀಜ, ಗೊಬ್ಬರದ ವ್ಯಾಪಾರಿಯೊಬ್ಬರಿಗೆ ಇಆರ್‌ಪಿನೆಕ್ಸ್ಟ್ ಎಂಬ ವ್ಯವಹಾರ ನಿರ್ವಹಣೆಯ ತಂತ್ರಾಂಶವನ್ನು ಅಳವಡಿಸಿಕೊಡುವಾಗ, ರೈತರಿಗೆ ಕೊಡುವ ಬಿಲ್ಲಿನಲ್ಲಿ ಸರಕಿನ ಹೆಸರು ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ ಇರಬೇಕೆಂದು ಅವರು ಕೇಳಿದರು. ತಂತ್ರಾಂಶದಲ್ಲೇ ಅನುವಾದದ ಕೋಷ್ಟಕವಿದ್ದರೂ ಸರಕುಗಳಿಗೆ ನಾನು ಅದನ್ನು ಬಳಸಲಿಲ್ಲ. ಅದು ಇಂಗ್ಲಿಷ್ ಪಠ್ಯವನ್ನೇ ಕೀಲಿಯಾಗಿ ಹಿಡಿಯುವುದರಿಂದ, ಯಾರಾದರೂ ಸರಕಿನ ಹೆಸರಿನಲ್ಲಿ ಒಂದಕ್ಷರ ತಿದ್ದಿದರೂ ಕನ್ನಡ ರೂಪದ ಕೊಂಡಿ ಕಳಚುತ್ತದೆ. ಬದಲಿಗೆ ಸರಕುಗಳ ವಿವರವಿರುವ ಐಟಂ ಮಾಸ್ಟರ್‌ನಲ್ಲಿ `item_name_kn` ಎಂಬ ಪ್ರತ್ಯೇಕ ಕ್ಷೇತ್ರ ಸೇರಿಸಿದೆ. ಎಚ್‌ಎಸ್‌ಎನ್ ಸಂಕೇತ, ಜಿಎಸ್‌ಟಿ ವರದಿಗೆ ಹೋಗುವ `BAG`, `KGS` ಮುಂತಾದ ಅಳತೆಯ ಸಂಕೇತಗಳು ಮತ್ತು ಮೊತ್ತದ ಅಂಕಿಗಳನ್ನು ಮುಟ್ಟಲಿಲ್ಲ.

ಹೆಚ್ಚು ಶ್ರಮ ಬೇಡಿದ್ದು ಹಳೆಯ ದತ್ತಾಂಶ. ಕನ್ನಡ ಹೆಸರುಗಳೆಲ್ಲ ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಎಕ್ಸೆಲ್ ಹಾಳೆಯಲ್ಲಿದ್ದವು. ಫಾಂಟ್ ಬದಲಿಸಿದರೆ ಅವು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳಾಗಿ ಕಾಣುತ್ತಿದ್ದವು. ಪರಿವರ್ತಕದಿಂದ ಯೂನಿಕೋಡ್‌ಗೆ ತಂದ ಮೇಲೂ ‘ಮೆಕ್ಕೆಜೋಳ’ ಎಂದು ಹುಡುಕಿದರೆ ಕೆಲವು ತಳಿಗಳು ಸಿಗುತ್ತಿರಲಿಲ್ಲ. ‘ಜೋ’ ಎಂಬಲ್ಲಿನ ಓಕಾರ ಕೆಲವು ಸಾಲುಗಳಲ್ಲಿ U+0CCB ಎಂಬ ಒಂದೇ ಸಂಕೇತವಾಗಿದ್ದರೆ, ಉಳಿದವುಗಳಲ್ಲಿ ಒಕಾರ U+0CCA ಮತ್ತು ದೀರ್ಘಚಿಹ್ನೆ U+0CD5 ಎಂದು ಒಡೆದು ಕುಳಿತಿತ್ತು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುವುದರಿಂದ ಇದನ್ನು ಕಣ್ಣಿನಿಂದ ಹಿಡಿಯಲಾಗದು. ಒಡೆದ ಸಂಕೇತಗಳು ಒಂದಾಗುವಂತೆ, ಆಮದಿಗೆ ಮುನ್ನ ಪ್ರತಿಯೊಂದು ಹೆಸರನ್ನೂ ಹೀಗೆ ಹಾಯಿಸಿದೆ:

```
import unicodedata
name = unicodedata.normalize("NFC", name).strip()
```

ಅರ್ಕಾವೊತ್ತನ್ನು ತಡೆಯಲು ಬಳಸುವ ಕಾಣದ ಜೋಡಕಗಳನ್ನು ಇದು ತೆಗೆಯುವುದಿಲ್ಲ. ಅವುಗಳನ್ನು ಕುರುಡಾಗಿ ಅಳಿಸಿದರೆ ಕಾಗುಣಿತವೇ ಬದಲಾಗುವ ಕಾರಣ, ಅಂಥ ಹೆಸರುಗಳನ್ನು ಬೇರೆ ಪಟ್ಟಿ ಮಾಡಿ ಅಂಗಡಿಯ ಗುಮಾಸ್ತರೊಡನೆ ಕುಳಿತು ಓದಿದೆ. ಯಂತ್ರಾನುವಾದಕ್ಕಿಂತ ಅವರ ಮಾತೇ ಇಲ್ಲಿ ಪ್ರಮಾಣವೆಂದು ನಾನು ನಂಬುತ್ತೇನೆ, ಏಕೆಂದರೆ ರೈತರು ಅಂಗಡಿಯಲ್ಲಿ ಕೇಳುವ ಹೆಸರನ್ನು ಬಲ್ಲವರು ಅವರು.

ಮುದ್ರಣದಲ್ಲಿ ಬ್ರೌಸರ್‌ನ ಮುನ್ನೋಟ ಸರಿಯಿದ್ದು, ಪಿಡಿಎಫ್‌ನಲ್ಲಿ ಮಾತ್ರ ಚೌಕಗಳು ಬಂದವು. ಮುನ್ನೋಟ ನಮ್ಮ ಗಣಕದ ಫಾಂಟನ್ನು ಬಳಸುತ್ತದೆ, ಪಿಡಿಎಫ್ ತಯಾರಾಗುವುದು ಸರ್ವರ್‌ನಲ್ಲಿ. ಅಲ್ಲಿ ಈ ಆಜ್ಞೆಗೆ ಏನೂ ಉತ್ತರ ಬರದಿದ್ದರೆ ಕನ್ನಡ ಫಾಂಟೇ ಇಲ್ಲವೆಂದರ್ಥ:

```
fc-list :lang=kn
```

ಉಬುಂಟುವಿನಲ್ಲಿ `fonts-noto-core` ಸ್ಥಾಪಿಸಿ, ಪ್ರಿಂಟ್ ಫಾರ್ಮ್ಯಾಟ್‌ನಲ್ಲಿ `Noto Sans Kannada` ಎಂದು ಹೆಸರಿಸಿದೆ. ಒತ್ತಕ್ಷರಗಳ ಕೆಳತುದಿ ಕೋಷ್ಟಕದ ಗೆರೆಗೆ ತಾಗುತ್ತಿದ್ದುದರಿಂದ ಸಾಲಿನ ಎತ್ತರವನ್ನು 1.5ಕ್ಕೆ ಏರಿಸಿದೆ.

ಚೀಲಕ್ಕೆ ಅಂಟಿಸುವ ಲೇಬಲ್‌ನ ಥರ್ಮಲ್ ಪ್ರಿಂಟರ್‌ನಲ್ಲಿ ಕನ್ನಡದ ಅಕ್ಷರಗಳು ಇರಲಿಲ್ಲ. ಹಾಗಾಗಿ ಕನ್ನಡದ ಸಾಲನ್ನು ಚಿತ್ರವಾಗಿ ಕಳುಹಿಸಿದೆ. 203 ಡಿಪಿಐ ಮುದ್ರಣ ತಲೆಯಲ್ಲಿ ಮಿಲಿಮೀಟರಿಗೆ 8 ಚುಕ್ಕೆಗಳಷ್ಟೇ ಇರುವುದರಿಂದ, ಸಣ್ಣ ಗಾತ್ರದಲ್ಲಿ ‘ಕ್ಕೆ’ಯ ಒತ್ತು ಮಸಿಯ ಗಂಟಿನಂತೆ ಬೀಳುತ್ತಿತ್ತು. ಆ ಸಾಲಿಗೆ ಇಂಗ್ಲಿಷಿಗಿಂತ ದೊಡ್ಡ ಅಕ್ಷರ ಕೊಟ್ಟು, ಜಾಗಕ್ಕಾಗಿ ಲೇಬಲ್‌ನಲ್ಲಿನ ವಿಳಾಸವನ್ನು ಎರಡು ಸಾಲಿನಿಂದ ಒಂದಕ್ಕೆ ಇಳಿಸಿದೆ.