ಕಿರುಪ್ರಬಂಧದ ಸಲ್ಲಿಕೆಯಿಂದ ಹಿಂದೆ ಸರಿದು ಮರುವರ್ಷ ನೋಂದಾಯಿಸಿಕೊಂಡದ್ದು: ನನ್ನ ಅನುಭವ

ಇತಿಹಾಸ ಎಂ.ಎ.ಯ ನಾಲ್ಕನೆಯ ಸೆಮಿಸ್ಟರಿನಲ್ಲಿ ನಾನು ಸೊರಬ ತಾಲ್ಲೂಕಿನ ವೀರಗಲ್ಲುಗಳನ್ನು ಕುರಿತು ಕಿರುಪ್ರಬಂಧ ಬರೆಯುತ್ತಿದ್ದೆ. ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಆ ತಾಲ್ಲೂಕಿನ ಶಾಸನಗಳಿವೆ. ಅವುಗಳಿಂದ ನಲವತ್ತು ವೀರಗಲ್ಲುಗಳನ್ನು ಆರಿಸಿಕೊಂಡು, ಅವು ಈಗಲೂ ಅಲ್ಲೇ ಇವೆಯೇ, ಕೆಳಗಿನ ಪಟ್ಟಿಕೆಯ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ ಎಂಬ ರೂಢಿಯ ಕ್ರಮವನ್ನು ಎಷ್ಟು ಕಲ್ಲುಗಳು ಪಾಲಿಸುತ್ತವೆ, ಎಷ್ಟು ಮೀರುತ್ತವೆ ಎಂದು ಒಂದೊಂದನ್ನೂ ಕಣ್ಣಾರೆ ನೋಡಿ ದಾಖಲಿಸುವುದು ನನ್ನ ಯೋಜನೆಯಾಗಿತ್ತು. ಏಪ್ರಿಲ್ ಕೊನೆಯ ಹೊತ್ತಿಗೆ ಹದಿನೇಳು ಕಲ್ಲುಗಳನ್ನು ನೋಡಿ ಅಳತೆ ತೆಗೆದಿದ್ದೆ. ಆಮೇಲೆ ತಾಯಿಯವರಿಗೆ ಶಸ್ತ್ರಚಿಕಿತ್ಸೆಯಾಗಿ ಆರು ವಾರ ಊರಿನಲ್ಲೇ ಉಳಿಯಬೇಕಾಯಿತು. ಮರಳುವಷ್ಟರಲ್ಲಿ ಮಲೆನಾಡಿನ ಮಳೆ ಹಿಡಿದಿತ್ತು. ಗದ್ದೆಯ ಬದುವಿನಲ್ಲಿ ಅರ್ಧ ಹೂತಿರುವ, ಪಾಚಿ ಕಟ್ಟಿದ ಕಲ್ಲಿನ ಅಕ್ಷರವನ್ನು ಆ ದಿನಗಳಲ್ಲಿ ಓದಲಾಗುವುದಿಲ್ಲ. ಪ್ರಬಂಧ ಸಲ್ಲಿಸಲು ಜುಲೈ 10 ಕೊನೆಯ ದಿನ.

ಮಾರ್ಗದರ್ಶಕರು ಮುಚ್ಚುಮರೆಯಿಲ್ಲದೆ ಮಾತನಾಡಿದರು. ಹದಿನೇಳು ಕಲ್ಲುಗಳ ಮೇಲೆಯೇ ಪ್ರಬಂಧ ಕಟ್ಟಬಹುದು, ಉತ್ತೀರ್ಣತೆಗೆ ತೊಂದರೆಯಿಲ್ಲ, ಆದರೆ ಇಡೀ ತಾಲ್ಲೂಕಿನ ಬಗ್ಗೆ ತೀರ್ಮಾನ ಹೇಳುವ ಮೂರನೆಯ ಅಧ್ಯಾಯವನ್ನು ಕೈಬಿಡಬೇಕಾಗುತ್ತದೆ ಎಂದರು. ಪ್ರಬಂಧದ ಜೀವವೇ ಆ ಅಧ್ಯಾಯದಲ್ಲಿತ್ತು. ಇನ್ನೊಂದು ದಾರಿ, ಏನನ್ನೂ ಬರೆದುಕೊಡದೆ ಸುಮ್ಮನಿದ್ದುಬಿಡುವುದು. ನಮ್ಮ ವಿಭಾಗದಲ್ಲಿ ಹಿಂದೆ ಕೆಲವರು ಹಾಗೆಯೇ ಮಾಡಿದ್ದರು. ಆಗ ಫಲಿತಾಂಶದಲ್ಲಿ ಆ ಪತ್ರಿಕೆಗೆ ಗೈರುಹಾಜರಿ ಬೀಳುತ್ತದೆ, ನಮ್ಮಲ್ಲಿ ಅದನ್ನು ಒಂದು ಪ್ರಯತ್ನವೆಂದೇ ಎಣಿಸುತ್ತಾರೆ, ಮುಂದಿನ ಅಂಕಪಟ್ಟಿಯಲ್ಲಿ ಅದರ ಗುರುತು ಉಳಿಯುತ್ತದೆ. ಮೂರನೆಯ ದಾರಿಯಾಗಿ, ಕೊನೆಯ ದಿನಾಂಕಕ್ಕೆ ಮೊದಲೇ ಈ ಒಂದು ಪತ್ರಿಕೆಯ ಸಲ್ಲಿಕೆಯಿಂದ ಹಿಂದೆ ಸರಿಯುವುದಾಗಿ ವಿಭಾಗಕ್ಕೆ ಬರೆದು ಅನುಮತಿ ಪಡೆಯುವುದನ್ನು ನಾನು ಆರಿಸಿಕೊಂಡೆ.

ಮೊದಲ ಕರಡನ್ನು ರಾತ್ರಿ ಕುಳಿತು ಎರಡೂವರೆ ಪುಟ ಬರೆದೆ. ತಾಯಿಯವರ ಕಾಯಿಲೆ, ಮನೆಯ ಪರಿಸ್ಥಿತಿ, ಗುರುಗಳ ಮೇಲಿನ ಗೌರವ ಎಲ್ಲವೂ ಅದರಲ್ಲಿತ್ತು. ವಿಷಯದ ಸಾಲಿನಲ್ಲಿ "ವ್ಯಾಸಂಗದಿಂದ ಹಿಂದೆ ಸರಿದು ಮುಂದಿನ ವರ್ಷ ಮರುಪ್ರವೇಶ ಪಡೆಯಲು ಅನುಮತಿ ಕೋರಿ" ಎಂದಿತ್ತು. ವಿಭಾಗದ ಕಚೇರಿಯಲ್ಲಿ ಕಡತ ನೋಡಿಕೊಳ್ಳುವ ಹಿರಿಯರೊಬ್ಬರು ಅದನ್ನು ಓದಿ, ಪೆನ್ಸಿಲಿನಿಂದ "ವ್ಯಾಸಂಗದಿಂದ" ಎಂಬ ಪದಕ್ಕೆ ಸುತ್ತು ಹಾಕಿ ನನ್ನ ಮುಂದಿಟ್ಟರು. "ಇದನ್ನ ಹೀಗೇ ಮೇಲಕ್ಕೆ ಕಳಿಸಿದರೆ ನಿಮ್ಮ ಪ್ರವೇಶಾತಿಯನ್ನೇ ರದ್ದು ಮಾಡಿ ವರ್ಗಾವಣೆ ಪತ್ರ ಕೊಡ್ತಾರೆ ನೋಡಿ. ಆಮೇಲೆ ಮರುಪ್ರವೇಶ ಅಂದರೆ ಹೊಸದಾಗಿ ಅರ್ಜಿ, ಹೊಸದಾಗಿ ಸೀಟು. ನಿಮಗೆ ಬೇಕಾಗಿರೋದು ಅದಲ್ಲವಲ್ಲ?" ಎಂದರು. ಅವರಿಗೆ ನಾನು ಇಂದಿಗೂ ಋಣಿ. ಆ ಕರಡು ಹಾಗೆಯೇ ಹೋಗಿದ್ದರೆ ಮೂರು ಸೆಮಿಸ್ಟರುಗಳ ಶ್ರಮ ಒಂದು ಪದದಿಂದ ಅತಂತ್ರವಾಗುತ್ತಿತ್ತು.

ಆದ್ದರಿಂದ ಎರಡನೆಯ ಕರಡಿನಲ್ಲಿ ನಾನು ಯಾವುದನ್ನು ಬಿಡುತ್ತಿದ್ದೇನೆ, ಯಾವುದನ್ನು ಬಿಡುತ್ತಿಲ್ಲ ಎಂಬ ಎರಡನ್ನೂ ಬೇರೆಬೇರೆಯಾಗಿ ಬರೆದೆ. ಪತ್ರವನ್ನು ವಿಭಾಗದ ಅಧ್ಯಕ್ಷರಿಗೆ, ಮಾರ್ಗದರ್ಶಕರ ಮೂಲಕ ಎಂದು ನಮೂದಿಸಿದೆ. ಮುಖ್ಯ ಭಾಗ ಹೀಗಿತ್ತು:

"ವಿಷಯ: ನಾಲ್ಕನೆಯ ಸೆಮಿಸ್ಟರಿನ ಕಿರುಪ್ರಬಂಧ ಪತ್ರಿಕೆಯ ಸಲ್ಲಿಕೆಯಿಂದ ಮಾತ್ರ ಈ ಬಾರಿ ಹಿಂದೆ ಸರಿಯಲು ಹಾಗೂ ಮುಂದಿನ ಶೈಕ್ಷಣಿಕ ವರ್ಷದ ನಾಲ್ಕನೆಯ ಸೆಮಿಸ್ಟರಿನಲ್ಲಿ ಅದೇ ಪತ್ರಿಕೆಗೆ ಮರುನೋಂದಣಿ ಮಾಡಿಕೊಳ್ಳಲು ಅನುಮತಿ ಕೋರಿ.

ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾಯಿಯವರ ಶಸ್ತ್ರಚಿಕಿತ್ಸೆಯ ನಿಮಿತ್ತ ಆರು ವಾರ ಕ್ಷೇತ್ರಕಾರ್ಯ ನಿಂತಿದ್ದು, ಅನುಮೋದಿತ ನಲವತ್ತು ವೀರಗಲ್ಲುಗಳ ಪೈಕಿ ಹದಿನೇಳನ್ನು ಮಾತ್ರ ದಾಖಲಿಸಲು ಸಾಧ್ಯವಾಗಿದೆ. ಉಳಿದವುಗಳನ್ನು ಮಳೆಗಾಲ ಮುಗಿದ ನಂತರವೇ ನೋಡಬೇಕಾಗಿರುತ್ತದೆ. ಆದ್ದರಿಂದ ಸದರಿ ಪತ್ರಿಕೆಯನ್ನು ನನ್ನ ಪರೀಕ್ಷಾ ಅರ್ಜಿಯಿಂದ ಕೈಬಿಡಬೇಕೆಂದು ಕೋರುತ್ತೇನೆ. ಈ ಸೆಮಿಸ್ಟರಿನ ಉಳಿದ ಪತ್ರಿಕೆಗಳ ಪರೀಕ್ಷೆಗೆ ನಾನು ಹಾಜರಾಗುತ್ತೇನೆ. ನನ್ನ ಪ್ರವೇಶಾತಿ, ನೋಂದಣಿ ಸಂಖ್ಯೆ, ಅನುಮೋದಿತ ಪ್ರಬಂಧ ಶೀರ್ಷಿಕೆ ಹಾಗೂ ಈಗಾಗಲೇ ನೀಡಲಾಗಿರುವ ಆಂತರಿಕ ಅಂಕಗಳನ್ನು ಯಥಾವತ್ತಾಗಿ ಮುಂದುವರಿಸಬೇಕೆಂದೂ, ಈ ಬಗ್ಗೆ ಲಿಖಿತ ಹಿಂಬರಹ ನೀಡಬೇಕೆಂದೂ ವಿನಂತಿಸುತ್ತೇನೆ."

ಇಷ್ಟೇ, ಮುಕ್ಕಾಲು ಪುಟ. "ಸಲ್ಲಿಕೆಯಿಂದ ಮಾತ್ರ" ಎಂಬಲ್ಲಿನ "ಮಾತ್ರ", ಕೊನೆಯ ವಾಕ್ಯದ "ಯಥಾವತ್ತಾಗಿ" ಎಂಬ ಎರಡು ಪದಗಳನ್ನು ನಾನು ಬೇಕೆಂದೇ ಇಟ್ಟೆ. ಪತ್ರವು ಕಚೇರಿಯಿಂದ ಕಚೇರಿಗೆ ಹೋಗುವಾಗ ಪ್ರತಿಯೊಬ್ಬರೂ ವಿಷಯದ ಸಾಲನ್ನೇ ಓದಿ ಟಿಪ್ಪಣಿ ಬರೆಯುತ್ತಾರೆ. ಆ ಸಾಲು ಸಡಿಲವಾಗಿದ್ದರೆ ಟಿಪ್ಪಣಿಯೂ ಸಡಿಲವಾಗುತ್ತದೆ. ಕಾಯಿಲೆಯ ವಿವರವನ್ನು ಪತ್ರದಲ್ಲಿ ಒಂದು ವಾಕ್ಯಕ್ಕೆ ಇಳಿಸಿ, ಆಸ್ಪತ್ರೆಯ ಬಿಡುಗಡೆ ಪತ್ರದ ನಕಲನ್ನು ಲಗತ್ತಿಸಿದೆ. ಅದರ ಜೊತೆಗೆ ಹದಿನೇಳು ಕಲ್ಲುಗಳ ಪಟ್ಟಿಯನ್ನೂ, ಉಳಿದ ಇಪ್ಪತ್ತಮೂರನ್ನು ನವೆಂಬರಿನಿಂದ ಫೆಬ್ರವರಿಯವರೆಗೆ ಯಾವ ಕ್ರಮದಲ್ಲಿ ನೋಡುತ್ತೇನೆ ಎಂಬ ಒಂದು ಪುಟದ ವೇಳಾಪಟ್ಟಿಯನ್ನೂ ಇಟ್ಟೆ. ವಿಭಾಗದ ಸಭೆಯಲ್ಲಿ ಹೆಚ್ಚು ಹೊತ್ತು ಚರ್ಚೆಯಾದದ್ದು ಈ ವೇಳಾಪಟ್ಟಿಯ ಮೇಲೆಯೇ ಎಂದು ಮಾರ್ಗದರ್ಶಕರು ನಂತರ ತಿಳಿಸಿದರು. ಕಷ್ಟ ನಿಜವೆಂಬುದನ್ನು ಆಸ್ಪತ್ರೆಯ ಕಾಗದ ಹೇಳುತ್ತದೆ, ಆದರೆ ವಿದ್ಯಾರ್ಥಿ ಮರಳಿ ಬಂದು ಕೆಲಸ ಮುಗಿಸುತ್ತಾನೆಯೇ ಎಂಬ ವಿಭಾಗದ ಅನುಮಾನಕ್ಕೆ ಅದರಲ್ಲಿ ಉತ್ತರವಿರುವುದಿಲ್ಲ.

ಅವಧಿಯ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಬೇಕು. ಪದವಿ ಪೂರೈಸಲು ಕೋರ್ಸಿನ ನಿಗದಿತ ಅವಧಿಯ ಮೇಲೆ ಎರಡು ವರ್ಷ, ಅಸಾಧಾರಣ ಸಂದರ್ಭದಲ್ಲಿ ಇನ್ನೊಂದು ವರ್ಷ ಎಂದು ಯುಜಿಸಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಎರಡು ವರ್ಷದ ಎಂ.ಎ.ಗೆ ಸಾಮಾನ್ಯವಾಗಿ ನಾಲ್ಕು ವರ್ಷ ಎಂದಾಯಿತು. ನನಗೆ ಬೇಕಾದದ್ದು ಒಂದೇ ವರ್ಷವಾದ್ದರಿಂದ ತೊಡಕಿರಲಿಲ್ಲ. ಆದರೆ ಹಿಂದಿನ ಸೆಮಿಸ್ಟರಿನ ಪತ್ರಿಕೆಗಳನ್ನು ಉಳಿಸಿಕೊಂಡು ಆಗಲೇ ಒಂದು ವರ್ಷ ಕಳೆದವರು ಈ ಲೆಕ್ಕವನ್ನು ತಮ್ಮ ವಿಶ್ವವಿದ್ಯಾಲಯದ ನಿಯಮಾವಳಿಯೊಡನೆ ಹೋಲಿಸಿ ನೋಡದೆ ಪತ್ರಕ್ಕೆ ಸಹಿ ಹಾಕಬಾರದು. ನಾಲ್ಕನೆಯ ಸೆಮಿಸ್ಟರಿನ ಪತ್ರಿಕೆಗೆ ನಮ್ಮಲ್ಲಿ ಮತ್ತೆ ನಾಲ್ಕನೆಯ ಸೆಮಿಸ್ಟರ್ ನಡೆಯುವಾಗಲೇ ಅವಕಾಶ. ಆರು ತಿಂಗಳಲ್ಲಿ ಮುಗಿಸುತ್ತೇನೆಂದುಕೊಂಡವರಿಗೂ ಹೋಗುವುದು ಒಂದು ವರ್ಷವೇ.

ಜೂನ್ 24ರಂದು ಪತ್ರ ಸಲ್ಲಿಸಿದೆ. ಎರಡು ಪ್ರತಿ ಒಯ್ದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಆವಕ ಸಂಖ್ಯೆ, ದಿನಾಂಕ, ಮೊಹರು ಹಾಕಿಸಿಕೊಂಡೆ. ಮಾರ್ಗದರ್ಶಕರ ಶಿಫಾರಸು, ಅಧ್ಯಕ್ಷರ ಸಹಿ ಆಗಿ ಅದು ಕುಲಸಚಿವರ ಮೌಲ್ಯಮಾಪನ ಕಚೇರಿಗೆ ಹೋಯಿತು. ಪರೀಕ್ಷಾ ಅರ್ಜಿಯಿಂದ ಪತ್ರಿಕೆಯೊಂದನ್ನು ತೆಗೆಯುವ ಅಧಿಕಾರ ವಿಭಾಗಕ್ಕೆ ಇರಲಿಲ್ಲ. ಜುಲೈ 5 ಆದರೂ ಉತ್ತರ ಬರಲಿಲ್ಲ. "ಆಯ್ತು, ಹೇಳಿದೀವಿ" ಎಂದು ವಿಭಾಗದಲ್ಲಿ ಬಾಯಿಮಾತಿನಲ್ಲಿ ತಿಳಿಸಿದರು. ಬಾಯಿಮಾತಿಗೆ ಒಪ್ಪದೆ ಆವಕ ಸಂಖ್ಯೆಯನ್ನು ಉಲ್ಲೇಖಿಸಿ ನೆನಪೋಲೆ ಬರೆದೆ. ಜುಲೈ 9ರಂದು, ಕೊನೆಯ ದಿನಾಂಕಕ್ಕೆ ಒಂದು ದಿನ ಮೊದಲು, ನಾಲ್ಕು ಸಾಲಿನ ಹಿಂಬರಹ ಕೈಗೆ ಬಂತು. ಸಲ್ಲಿಕೆಯಿಂದ ವಿನಾಯಿತಿ, ಮುಂದಿನ ವರ್ಷ ನಿಗದಿತ ಶುಲ್ಕದೊಂದಿಗೆ ಮರುನೋಂದಣಿ, ರ‍್ಯಾಂಕಿಗೆ ಪರಿಗಣನೆ ಇಲ್ಲ ಎಂದು ಅದರಲ್ಲಿತ್ತು. ರ‍್ಯಾಂಕಿನ ಷರತ್ತು ನನಗೆ ಮೊದಲೇ ಗೊತ್ತಿದ್ದರೂ ಓದಿದಾಗ ನೋವಾಯಿತು. ಆಂತರಿಕ ಅಂಕಗಳ ವಿಷಯ ಮಾತ್ರ ಹಿಂಬರಹದಲ್ಲಿ ಇರಲಿಲ್ಲ. ಅಂದೇ ಮತ್ತೆ ಹೋಗಿ ಅದನ್ನು ಸೇರಿಸಿಕೊಡಬೇಕೆಂದು ಕೇಳಿಕೊಂಡೆ. ಅಧ್ಯಕ್ಷರು ಹಿಂಬರಹದ ಕೆಳಗೆ ಒಂದು ಷರಾ ಬರೆದು, ಸಹಿ ಹಾಕಿ, ದಿನಾಂಕ ನಮೂದಿಸಿದರು.

ಈ ನಿರ್ಧಾರದಿಂದ ಕಳೆದುಕೊಂಡದ್ದೂ ಇದೆ. ಉಳಿದ ಪತ್ರಿಕೆಗಳ ಪರೀಕ್ಷೆ ಮುಗಿದ ಮೇಲೆ ವಿದ್ಯಾರ್ಥಿನಿಲಯದ ಕೊಠಡಿ ಬಿಡಬೇಕಾಯಿತು, ಆ ವರ್ಷ ವಿದ್ಯಾರ್ಥಿವೇತನ ಇರಲಿಲ್ಲ, ಗ್ರಂಥಾಲಯದ ಕಾರ್ಡ್ ನಿಂತಿತು. ಸಂಪುಟವನ್ನು ನೋಡಲು ಮಾರ್ಗದರ್ಶಕರ ಚೀಟಿ ಹಿಡಿದು ಹೋಗುತ್ತಿದ್ದೆ. ನವೆಂಬರಿನಲ್ಲಿ ಕೊಯ್ಲಿನ ನಂತರ ಹೊರಟು, ಉಳಿದ ಇಪ್ಪತ್ತಮೂರರಲ್ಲಿ ಇಪ್ಪತ್ತನ್ನು ನೋಡಿದೆ. ಮೂರು ಕಲ್ಲುಗಳು ಹೇಳಿದ ಜಾಗದಲ್ಲಿ ಸಿಗಲಿಲ್ಲ, ಅದನ್ನೂ ಪ್ರಬಂಧದಲ್ಲಿ ದಾಖಲಿಸಿದೆ.

ಮರುನೋಂದಣಿಗೆ ಫೆಬ್ರವರಿಯಲ್ಲಿ ಹೋದಾಗ ಎರಡು ತೊಡಕುಗಳು ಎದುರಾದವು. ಪಠ್ಯಕ್ರಮ ಪರಿಷ್ಕರಣೆಯಾಗಿ ಕಿರುಪ್ರಬಂಧ ಪತ್ರಿಕೆಯ ಸಂಕೇತ ಬದಲಾಗಿತ್ತು. ಹೊಸ ಸಂಕೇತದಲ್ಲಿ ಅರ್ಜಿ ತುಂಬಿದ್ದರೆ ಹಳೆಯ ಆಂತರಿಕ ಅಂಕಗಳು ಅದಕ್ಕೆ ಜೋಡಣೆಯಾಗುತ್ತಿರಲಿಲ್ಲ. ಹಳೆಯ ಪಠ್ಯಕ್ರಮದ ವಿದ್ಯಾರ್ಥಿ ಎಂದು ವಿಭಾಗದಿಂದ ದೃಢೀಕರಣ ತಂದು ಹಳೆಯ ಸಂಕೇತದಲ್ಲೇ ನೋಂದಾಯಿಸಿಕೊಂಡೆ. ಎರಡನೆಯದು ಇನ್ನೂ ಗಂಭೀರ. ಅನುಮತಿ ಇದ್ದರೂ ಹಿಂದಿನ ಫಲಿತಾಂಶದ ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ ಆ ಪತ್ರಿಕೆಗೆ ಗೈರುಹಾಜರಿ ಎಂದೇ ನಮೂದಾಗಿತ್ತು. ಹಿಂಬರಹ ಮೌಲ್ಯಮಾಪನ ಕಚೇರಿಯ ಕಡತದಲ್ಲಿತ್ತು, ಆದರೆ ಅಂಕ ತುಂಬುವ ಶಾಖೆಗೆ ಅದರ ಪ್ರತಿ ಹೋಗಿರಲಿಲ್ಲ. ಆವಕ ಮೊಹರಿನ ಪ್ರತಿ, ನೆನಪೋಲೆ, ಹಿಂಬರಹ ಮೂರನ್ನೂ ಇಟ್ಟು ತಿದ್ದುಪಡಿಗೆ ಅರ್ಜಿ ಕೊಟ್ಟೆ. ಐದು ವಾರ, ನಾಲ್ಕು ಬಾರಿ ಓಡಾಟ. ಇಂದು ಅದೇ ಪತ್ರ ಬರೆಯುವುದಾದರೆ "ಪ್ರತಿಯನ್ನು ಅಂಕಪಟ್ಟಿ ಶಾಖೆಗೂ ಕಳುಹಿಸಿಕೊಡಬೇಕು" ಎಂಬ ಒಂದು ಸಾಲನ್ನು ಖಂಡಿತ ಸೇರಿಸುತ್ತೇನೆ, ಫಲಿತಾಂಶ ಬಂದ ದಿನವೇ ಹೋಗಿ ನನ್ನ ಸಾಲನ್ನು ನೋಡುತ್ತೇನೆ.

ಜೂನ್ ಕೊನೆಯಲ್ಲಿ ಮೂರನೆಯ ಅಧ್ಯಾಯವೂ ಸೇರಿದ ಪ್ರಬಂಧವನ್ನು ಸಲ್ಲಿಸಿದೆ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಸಿಗದೇ ಹೋದ ಆ ಮೂರು ಕಲ್ಲುಗಳ ಬಗ್ಗೆಯೇ ಬಹಳ ಹೊತ್ತು ಕೇಳಿದರು. ತಿದ್ದಿದ ಅಂಕಪಟ್ಟಿ ಸೆಪ್ಟೆಂಬರಿನಲ್ಲಿ ಬಂತು. ಕಿರುಪ್ರಬಂಧದ ಸಾಲಿನಲ್ಲಿ ಹಳೆಯ ಆಂತರಿಕ ಅಂಕ ಮತ್ತು ಹೊಸ ಅಂಕ ಎರಡೂ ಇದ್ದವು, ಗೈರುಹಾಜರಿಯ ಗುರುತು ಇರಲಿಲ್ಲ.